ಐದು ಎಕರೆ ಹೊಲದ ಗೊಬ್ಬರ, ಬೀಜ, ಔಷಧಿ: ಒಂದು ಮುಂಗಾರಿನ ದಾಸ್ತಾನು

ಹಾವೇರಿ ಸೀಮೆಯಲ್ಲಿ ಐದು ಎಕರೆ ಮಳೆಯಾಶ್ರಿತ ಹೊಲವಿದ್ದವರು ಮೂರು ಎಕರೆಗೆ ಗೋವಿನಜೋಳ, ಎರಡು ಎಕರೆಗೆ ಸೋಯಾ ಅವರೆ ಹಾಕುವುದು ಸಾಮಾನ್ಯ. ಅಂಥ ಒಂದು ಹೊಲವನ್ನೇ ಲೆಕ್ಕಕ್ಕೆ ಹಿಡಿದು, ಮಿರುಗದ ಮಳೆಗೆ ಮೊದಲಿನಿಂದ ಸುಗ್ಗಿಯವರೆಗೆ ಯಾವ ಸಾಮಾನು ಎಷ್ಟು ಬೇಕಾಗುತ್ತದೆ, ಅದರಲ್ಲಿ ಎಷ್ಟನ್ನು ನಿಜವಾಗಿಯೂ ಮನೆಯಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ, ಒಂದರ ಪಕ್ಕ ಇನ್ನೊಂದನ್ನು ಏಕೆ ಇಡಬಾರದು ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಸುರಕ್ಷಿತವಾಗಿ ಇಡುವ ಕೆಲಸ ಶುರುವಾಗುವುದು ಅಂಗಡಿಗೆ ಹೋಗುವ ಮೊದಲೇ, ಕಾಗದದ ಮೇಲಿನ ಲೆಕ್ಕದಲ್ಲಿ. ಅಗತ್ಯಕ್ಕಿಂತ ಹೆಚ್ಚು ತಂದದ್ದನ್ನು ಎಷ್ಟು ಜೋಪಾನವಾಗಿಟ್ಟರೂ ಒಂದು ದಿನ ಅದು ತೊಂದರೆ ಕೊಡುತ್ತದೆ.

ಮೊದಲ ಹಂತ: ಚೀಲದ ಲೆಕ್ಕ

ಗೊಬ್ಬರವನ್ನು "ಎಕರೆಗೆ ಇಷ್ಟು ಚೀಲ" ಎಂದು ಲೆಕ್ಕ ಹಾಕುವ ರೂಢಿಯನ್ನು ಬಿಟ್ಟು, ಬೆಳೆಗೆ ಬೇಕಾದ ಪೋಷಕಾಂಶದಿಂದ ಲೆಕ್ಕ ಶುರು ಮಾಡಬೇಕು. ಮಳೆಯಾಶ್ರಿತ ಗೋವಿನಜೋಳಕ್ಕೆ ಹೆಕ್ಟೇರಿಗೆ 100 ಕೆ.ಜಿ. ಸಾರಜನಕ, 50 ಕೆ.ಜಿ. ರಂಜಕ, 25 ಕೆ.ಜಿ. ಪೊಟ್ಯಾಷ್ ಎಂದೂ, ಸೋಯಾ ಅವರೆಗೆ 40, 80, 25 ಎಂದೂ ಹಿಡಿಯೋಣ. ಮಣ್ಣು ಪರೀಕ್ಷೆಯ ಚೀಟಿ ಕೈಯಲ್ಲಿದ್ದರೆ ಈ ಅಂಕಿಗಳ ಬದಲು ಅದರಲ್ಲಿ ಬರೆದುಕೊಟ್ಟ ಪ್ರಮಾಣವನ್ನೇ ಹಿಡಿಯಬೇಕು. ಲೆಕ್ಕದ ರೀತಿ ಮಾತ್ರ ಇದೇ. ಹೆಕ್ಟೇರಿಗೆ ಎರಡೂವರೆ ಎಕರೆ ಎಂದುಕೊಂಡರೆ ಮೂರು ಎಕರೆ ಗೋವಿನಜೋಳಕ್ಕೆ 120 ಕೆ.ಜಿ. ಸಾರಜನಕ, 60 ಕೆ.ಜಿ. ರಂಜಕ, 30 ಕೆ.ಜಿ. ಪೊಟ್ಯಾಷ್ ಬೇಕಾಗುತ್ತದೆ.

ಲೆಕ್ಕವನ್ನು ಯಾವಾಗಲೂ ರಂಜಕದಿಂದ ಆರಂಭಿಸುವುದು ಸುಲಭ, ಏಕೆಂದರೆ ಡಿಎಪಿಯಲ್ಲಿ ರಂಜಕದ ಜೊತೆ ಸಾರಜನಕವೂ ಬರುತ್ತದೆ. ಡಿಎಪಿ ಚೀಲದ ಮೇಲಿನ 18:46 ಎಂಬುದರ ಅರ್ಥ, ನೂರು ಕಿಲೋ ಗೊಬ್ಬರದಲ್ಲಿ 18 ಕಿಲೋ ಸಾರಜನಕ, 46 ಕಿಲೋ ರಂಜಕ ಇದೆ ಎಂದು. ಆದ್ದರಿಂದ 60 ಕೆ.ಜಿ. ರಂಜಕಕ್ಕೆ ಸುಮಾರು 130 ಕೆ.ಜಿ. ಡಿಎಪಿ ಬೇಕು, ಅದರಲ್ಲಿಯೇ ಸುಮಾರು 23 ಕೆ.ಜಿ. ಸಾರಜನಕವೂ ಸಿಕ್ಕಿಬಿಡುತ್ತದೆ. ಉಳಿದ 97 ಕೆ.ಜಿ. ಸಾರಜನಕವನ್ನು ಶೇಕಡಾ 46ರ ಯೂರಿಯಾದಿಂದ ಕೊಡಬೇಕಾದರೆ 210 ಕೆ.ಜಿ. ಯೂರಿಯಾ ಬೇಕಾಗುತ್ತದೆ. ಇದೇ ರೀತಿ ಎರಡು ಎಕರೆ ಸೋಯಾ ಅವರೆಗೆ 139 ಕೆ.ಜಿ. ಡಿಎಪಿ, ಸುಮಾರು 15 ಕೆ.ಜಿ. ಯೂರಿಯಾ ಬರುತ್ತದೆ. ಶೇಕಡಾ 60ರ ಪೊಟ್ಯಾಷ್ ಗೊಬ್ಬರ ಎರಡೂ ಬೆಳೆಗೆ ಸೇರಿ 83 ಕೆ.ಜಿ.

ಒಟ್ಟು ಕೂಡಿದರೆ ಯೂರಿಯಾ 225 ಕೆ.ಜಿ. ಯೂರಿಯಾ ಚೀಲ ಈಗ 50 ಕಿಲೋದ್ದಲ್ಲ, 45 ಕಿಲೋದ್ದು ಎಂಬುದನ್ನು ಅನೇಕರು ಲೆಕ್ಕದಲ್ಲಿ ಮರೆಯುತ್ತಾರೆ. 45ರಿಂದ ಭಾಗಿಸಿದರೆ ಸರಿಯಾಗಿ ಐದು ಚೀಲ. ಡಿಎಪಿ 269 ಕೆ.ಜಿ., ಅಂದರೆ 50 ಕಿಲೋದ ಐದು ಚೀಲ ಮತ್ತು ಇನ್ನೊಂದರಲ್ಲಿ 19 ಕಿಲೋ. ಪೊಟ್ಯಾಷ್ ಎರಡು ಚೀಲ, 17 ಕಿಲೋ ಉಳಿಯುತ್ತದೆ. ಆರನೆಯ ಡಿಎಪಿ ಚೀಲವನ್ನು ಪಕ್ಕದ ಹೊಲದವರೊಡನೆ ಹಂಚಿಕೊಂಡರೆ ಒಳ್ಳೆಯದು. ಆಗದಿದ್ದರೆ ಉಳಿಯುವ 31 ಕಿಲೋ ಹಿಂಗಾರಿನ ಕಡಲೆಗೆ ಆಯಿತು ಎಂದು ಆಗಲೇ ಬರೆದಿಟ್ಟುಕೊಳ್ಳಬೇಕು. ಡಿಎಪಿ ಸಿಗದೆ 10:26:26 ಅಥವಾ 20:20:0:13 ತರಬೇಕಾಗಿ ಬಂದರೆ ಚೀಲಕ್ಕೆ ಚೀಲ ಎಂದು ಬದಲಿಸಬಾರದು, ರಂಜಕದಿಂದ ಮತ್ತೆ ಲೆಕ್ಕ ಹಾಕಬೇಕು. ಹಾಗೆ ಮಾಡದೆ ಹೋದ ವರ್ಷಗಳಲ್ಲಿಯೇ ಮನೆಯಲ್ಲಿ ಬೇಡದ ಚೀಲ ಉಳಿಯುವುದು.

ಎರಡನೆಯ ಹಂತ: ಯಾವಾಗ ತರಬೇಕು

ಹದಿಮೂರು ಚೀಲ ಎಂದಾಕ್ಷಣ ಹದಿಮೂರು ಚೀಲವನ್ನೂ ಮಳೆಗಾಲವಿಡೀ ಕಾಯಬೇಕು ಎಂದಲ್ಲ. ಡಿಎಪಿ ಮತ್ತು ಪೊಟ್ಯಾಷ್ ಎರಡೂ ಬಿತ್ತನೆಯ ದಿನವೇ ಅಡಿಗೊಬ್ಬರವಾಗಿ ಹೊಲಕ್ಕೆ ಹೋಗುತ್ತವೆ. ಗೋವಿನಜೋಳಕ್ಕೆ ಸಾರಜನಕದ ಅರ್ಧ ಭಾಗವನ್ನು ಬಿತ್ತುವಾಗ, ಉಳಿದರ್ಧವನ್ನು 30ರಿಂದ 35 ದಿನಕ್ಕೆ ಮೇಲುಗೊಬ್ಬರವಾಗಿ ಕೊಡುವುದರಿಂದ, ಯೂರಿಯಾದಲ್ಲಿ ಸುಮಾರು ಎರಡು ಚೀಲ ಬಿತ್ತನೆಗೆ ಖರ್ಚಾಗಿ ಮೂರು ಚೀಲ ಉಳಿಯುತ್ತದೆ. ಜೂನ್ ಎರಡನೆಯ ವಾರ ಮಿರುಗದಲ್ಲಿ ಬಿತ್ತಿದರೆ ಮೇಲುಗೊಬ್ಬರದ ಹೊತ್ತು ಬರುವುದು ಜುಲೈ ನಡುವಿನ ಪುನರ್ವಸು ಮಳೆಗೆ. ಅಂದರೆ ಮಳೆಯಲ್ಲಿ ಕಾಯಬೇಕಾದ ನಿಜವಾದ ದಾಸ್ತಾನು ಮೂರು ಚೀಲ ಯೂರಿಯಾ, ಅದೂ ಒಂದು ತಿಂಗಳ ಮಟ್ಟಿಗೆ. ಜುಲೈಯಲ್ಲಿ ಅಂಗಡಿಯ ಮುಂದೆ ಸಾಲು ನಿಲ್ಲಬೇಕಾಗುತ್ತದೆ ಎಂಬ ಭಯ ಸುಳ್ಳಲ್ಲ, ಆದ್ದರಿಂದ ಈ ಮೂರನ್ನು ಮೊದಲೇ ತಂದಿಡುವುದನ್ನು ನಾನು ಬೇಡವೆನ್ನುವುದಿಲ್ಲ. ಎಂಟು ಚೀಲ ತಂದಿಡುವುದನ್ನು ಮಾತ್ರ ಬೇಡವೆನ್ನುತ್ತೇನೆ.

ಔಷಧಿಯ ವಿಷಯದಲ್ಲಿ ಇದಕ್ಕೆ ತದ್ವಿರುದ್ಧವಾಗಿ ನಡೆಯಬೇಕು. ಕೀಟ ಕಾಣಿಸುವ ಮೊದಲು ಕೀಟನಾಶಕವನ್ನು ತರಬಾರದು. ಗೋವಿನಜೋಳದ ಫಾಲ್ ಸೈನಿಕ ಹುಳು 2018ರಲ್ಲಿ ಭಾರತದಲ್ಲಿ ಮೊದಲು ಕಂಡದ್ದು ನಮ್ಮ ನೆರೆಯ ಶಿವಮೊಗ್ಗದಲ್ಲಿಯೇ, ಅಂದಿನಿಂದ ಅದು ಬರುತ್ತಲೇ ಇದೆ. ಹಾಗೆಂದು ಮೇ ತಿಂಗಳಲ್ಲಿಯೇ ಅದರ ಔಷಧಿ ತಂದಿಟ್ಟರೆ ಎರಡು ತಿಂಗಳು ವಿಷ ಮನೆಯಲ್ಲಿರುತ್ತದೆ, ಅಷ್ಟೆ. ಬಿತ್ತಿದ ಎರಡು ವಾರದ ನಂತರ ಸುಳಿಯನ್ನು ಬಿಡಿಸಿ ನೋಡುತ್ತ ಬಂದು, ಹುಳು ಮತ್ತು ಹಿಕ್ಕೆ ಕಂಡ ಮೇಲೆ ಲೆಕ್ಕ ಹಾಕಬೇಕು. ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿಯನ್ನು ಲೀಟರಿಗೆ 0.4 ಗ್ರಾಂನಂತೆ ಹಿಡಿದರೆ, ಎಕರೆಗೆ 200 ಲೀಟರ್ ನೀರಿಗೆ 80 ಗ್ರಾಂ, ಮೂರು ಎಕರೆಗೆ 240 ಗ್ರಾಂ ಸಾಕು. 16 ಲೀಟರಿನ ಒಂದು ಪಂಪಿಗೆ ಬರುವುದು ಆರೂವರೆ ಗ್ರಾಂನಷ್ಟು ಮಾತ್ರ, ಆದ್ದರಿಂದ ಮುಚ್ಚಳದಿಂದ ಅಂದಾಜಿನಲ್ಲಿ ಸುರಿಯದೆ ಸಣ್ಣ ತಕ್ಕಡಿಯಲ್ಲಿ ತೂಗಬೇಕು. ಡಬ್ಬಿಯ ಚೀಟಿಯಲ್ಲಿ ಬೇರೆ ಪ್ರಮಾಣವಿದ್ದರೆ ಅದೇ ಅಂತಿಮ. ಎರಡನೆಯ ಸಿಂಪರಣೆ ಬೇಕಾದರೆ ಬೇರೆ ಗುಂಪಿನ ಔಷಧಿ ಬೇಕಾಗಬಹುದು, ಆದ್ದರಿಂದ "ಎರಡಕ್ಕೂ ಒಂದೇ ಸಲ" ಎಂದು ತರುವುದರಲ್ಲಿ ಲಾಭವಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಒಮ್ಮೆ ಯೂರಿಯಾ ತರಲು ಹೋದಾಗ, ಜೊತೆಗೊಂದು ಬಾಟಲಿಯನ್ನೂ ಕೊಳ್ಳಲೇಬೇಕು ಎಂದು ಅಂಗಡಿಯಾತ ಹಟ ಹಿಡಿದ. ಬಿತ್ತನೆಯ ಅವಸರದಲ್ಲಿ ನಾನೂ ತಂದೆ. ಆ ಬಾಟಲಿ ಮೂರು ವರ್ಷ ಅಟ್ಟದ ಮೇಲಿತ್ತು, ಕೊನೆಗೆ ಅದರ ಚೀಟಿಯೂ ಉದುರಿ ಒಳಗೇನಿದೆ ಎಂಬುದೇ ಗೊತ್ತಿಲ್ಲದ ಸ್ಥಿತಿ ಬಂತು. ಬೇಡದ್ದನ್ನು ಬಿಲ್ಲಿನಿಂದ ತೆಗೆಸುವ ಜಗಳ, ಅದನ್ನು ಮನೆಯಲ್ಲಿ ಕಾಯುವ ಕಷ್ಟಕ್ಕಿಂತ ಚಿಕ್ಕದು.

ಮೂರನೆಯ ಹಂತ: ಯೂರಿಯಾದ ಮೂರು ಚೀಲ

ಗಾಳಿಯ ತೇವಾಂಶ ಒಂದು ಮಟ್ಟವನ್ನು ದಾಟಿದಾಗ ಪ್ರತಿಯೊಂದು ಗೊಬ್ಬರವೂ ಗಾಳಿಯಿಂದ ನೀರನ್ನು ಎಳೆದುಕೊಳ್ಳಲು ಶುರು ಮಾಡುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಡಿಎಪಿ ಮತ್ತು ಪೊಟ್ಯಾಷ್‌ಗೆ ಆ ಮಟ್ಟ ಶೇಕಡಾ 80ಕ್ಕಿಂತ ಮೇಲಿದ್ದರೆ, ಯೂರಿಯಾಗೆ ಶೇಕಡಾ 73ರ ಹತ್ತಿರ. ಜಡಿಮಳೆ ಹಿಡಿದ ಜುಲೈಯ ದಿನಗಳಲ್ಲಿ ನಮ್ಮ ಗಾಳಿ ಇದನ್ನು ಸುಲಭವಾಗಿ ದಾಟುತ್ತದೆ. ಅದಕ್ಕೇ ಪೊಟ್ಯಾಷ್ ಬಾಯಿ ಬಿಚ್ಚಿದ್ದರೂ ಕೆಲ ದಿನ ತಾಳುತ್ತದೆ, ಯೂರಿಯಾ ತಾಳುವುದಿಲ್ಲ. ಹೊಲಿಗೆ ಬಿಚ್ಚದ ಚೀಲದ ಒಳಪದರ ತೇವವನ್ನು ತಡೆಯುತ್ತದೆ. ಒಮ್ಮೆ ಬಾಯಿ ಬಿಚ್ಚಿದರೆ ಅಥವಾ ಕೊಕ್ಕೆ ಹಾಕಿ ಎತ್ತಿ ತೂತು ಮಾಡಿದರೆ ಆ ರಕ್ಷಣೆ ಹೋಯಿತು. ಆದ್ದರಿಂದ ಕೊಕ್ಕೆ ಬಳಸದೆ ಹೊತ್ತು ತರಬೇಕು, ಹರಿದ ಚೀಲವನ್ನು ಅಂಗಡಿಯಲ್ಲಿಯೇ ಬದಲಿಸಿಕೊಳ್ಳಬೇಕು, ಬಿತ್ತನೆಗೆ ಎರಡು ಚೀಲ ತೆಗೆಯುವಾಗ ಮೂರನೆಯದರ ಬಾಯಿ ಬಿಚ್ಚದಂತೆ ಲೆಕ್ಕವನ್ನು ಹೊಂದಿಸಿಕೊಳ್ಳಬೇಕು.

ಇಡುವ ಜಾಗ ಹೀಗಿರಲಿ. ನೆಲದಿಂದ ಅರ್ಧ ಅಡಿ ಎತ್ತರದಲ್ಲಿ, ಇಟ್ಟಿಗೆಯ ಮೇಲೆ ಹಲಗೆ ಹಾಕಿ, ಆರು ಅಡಿ ಉದ್ದ ಮೂರು ಅಡಿ ಅಗಲದ ಒಂದು ಅಟ್ಟಣೆ ಮಾಡಿಕೊಂಡರೆ ಹದಿಮೂರು ಚೀಲಕ್ಕೂ ಸಾಕು: ಡಿಎಪಿಗೆ ಒಂದು ಅಟ್ಟಿ, ಪೊಟ್ಯಾಷ್‌ಗೆ ಒಂದು, ಬಾಗಿಲ ಕಡೆ ಯೂರಿಯಾ. ಗೋಡೆಗೂ ಚೀಲಕ್ಕೂ ನಡುವೆ ಒಂದೂವರೆ ಅಡಿ ಬಿಡಬೇಕು. ಈ ಅಂತರದ ಬೆಲೆ ನನಗೆ ತಿಳಿದದ್ದು ಒಂದು ವರ್ಷ ಮೂರೂ ಚೀಲವನ್ನು ಪಡುವಣ ಗೋಡೆಗೆ ಒರಗಿಸಿಟ್ಟಾಗ. ಮಣ್ಣಿನ ಗೋಡೆ ಮಳೆಗೆ ನೆನೆದು ಒಳಗೆ ಬೆವರುತ್ತಿತ್ತು. ಪುನರ್ವಸುವಿಗೆ ತೆಗೆದು ನೋಡಿದರೆ ಕೆಳಗಿನ ಚೀಲದ ಗೋಡೆ ಕಡೆಯ ಮಗ್ಗಲು ಕಲ್ಲಾಗಿತ್ತು, ತಳದ ಹೊಲಿಗೆಯಿಂದ ಅಂಟುನೀರು ಇಳಿದು ಹಲಗೆಯ ಮೇಲೆ ಬಿಳಿಯ ಕಲೆ ಕಟ್ಟಿತ್ತು.

ಗಟ್ಟಿಯಾದ ಯೂರಿಯಾವನ್ನು ಎಸೆಯಬೇಕಾಗಿಲ್ಲ, ಏಕೆಂದರೆ ಹೆಪ್ಪುಗಟ್ಟಿದ ಮಾತ್ರಕ್ಕೆ ಸಾರಜನಕ ಹೋಗುವುದಿಲ್ಲ. ಚೀಲದ ಮೇಲೆ ಮರದ ಕೊಡತಿಯಿಂದ ಬಡಿದು, ಜರಡಿ ಹಿಡಿದು, ಹರಳನ್ನು ಹಾಕಬಹುದು. ಹೆಂಟೆಯನ್ನು ಹಾಗೆಯೇ ಗಿಡದ ಬುಡಕ್ಕೆ ಹಾಕಿದರೆ ಅಲ್ಲಿ ಬೇರು ಸುಡುತ್ತದೆ. ನಷ್ಟವಾಗುವುದು ಕರಗಿ ಹರಿದುಹೋದ ಭಾಗ ಮಾತ್ರ. ಆದರೆ ಆ ಹರಿದ ನೀರೇ ಇನ್ನೊಂದು ದೊಡ್ಡ ಅಪಾಯ. ಯೂರಿಯಾ ಉಪ್ಪಿನಂತೆ ಕಾಣುತ್ತದೆ, ದನಗಳು ಅದನ್ನು ನೆಕ್ಕುತ್ತವೆ, ಯೂರಿಯಾ ಕರಗಿದ ನೀರನ್ನೂ ಕುಡಿಯುತ್ತವೆ. ಹೊಟ್ಟೆಯಲ್ಲಿ ಅದು ಅಮೋನಿಯಾ ಆಗಿ, ಗಂಟೆಯೊಳಗೆ ಹೊಟ್ಟೆಯುಬ್ಬರ, ನಡುಕ, ಜೊಲ್ಲು ಶುರುವಾಗಿ ದನ ಸಾಯಬಹುದು. ಅದಕ್ಕಾಗಿ ಗೊಬ್ಬರವನ್ನು ಕೊಟ್ಟಿಗೆಯ ಮೂಲೆಯಲ್ಲಿ ಎಂದಿಗೂ ಇಡಬಾರದು, ಯೂರಿಯಾದ ಖಾಲಿ ಚೀಲದಲ್ಲಿ ಹಿಂಡಿ ಅಥವಾ ತೌಡು ತುಂಬಬಾರದು, ಗೊಬ್ಬರ ಕಲಸಿದ ಬುಟ್ಟಿಯನ್ನು ದನದ ತೊಟ್ಟಿಯಲ್ಲಿ ತೊಳೆಯಬಾರದು. ಹಾಗೇನಾದರೂ ಆದರೆ ಪಶುವೈದ್ಯರಿಗೆ "ಯೂರಿಯಾ ತಿಂದಿದೆ" ಎಂದು ಮೊದಲ ಮಾತಿನಲ್ಲಿಯೇ ಹೇಳಬೇಕು, ತಡಮಾಡಿದರೆ ಉಳಿಸಿಕೊಳ್ಳುವುದು ಕಷ್ಟ.

ಗೊಬ್ಬರಗಳನ್ನು ಮೊದಲೇ ಬೆರೆಸಿ ಇಡುವ ಅಭ್ಯಾಸವೂ ಬೇಡ. ಎರಡು ಗೊಬ್ಬರ ಕೂಡಿದಾಗ ಆ ಮಿಶ್ರಣವು ಎರಡರಲ್ಲಿ ಯಾವುದಕ್ಕಿಂತಲೂ ಕಡಿಮೆ ತೇವದ ಗಾಳಿಯಲ್ಲಿಯೇ ನೀರು ಎಳೆಯತೊಡಗುತ್ತದೆ. ಯೂರಿಯಾ ಮತ್ತು ಸೂಪರ್ ಫಾಸ್ಫೇಟ್ ಕೂಡಿಸಿಟ್ಟರೆ ಮರುದಿನಕ್ಕೆ ಕೆಸರಾಗಬಹುದು. ಹಾಕುವ ಹೊತ್ತಿಗೆ, ಹೊಲದ ಬದುವಿನಲ್ಲಿ, ಆ ದಿನಕ್ಕೆ ಬೇಕಾದಷ್ಟನ್ನೇ ಬೆರೆಸಬೇಕು. ಮೆಣಸಿನಕಾಯಿಯನ್ನೂ ಬೆಳೆಯುವವರ ಮನೆಯಲ್ಲಿ 13:0:45 ಎಂಬ ನೀರಿನಲ್ಲಿ ಕರಗುವ ಗೊಬ್ಬರವೂ ಗಂಧಕದ ಪುಡಿಯೂ ಇರುತ್ತವೆ. ಈ ಗೊಬ್ಬರ ಪೊಟ್ಯಾಶಿಯಂ ನೈಟ್ರೇಟ್, ಅಂದರೆ ಪೆಟ್ಲುಪ್ಪು. ಗಂಧಕ, ಇದ್ದಿಲಿನೊಡನೆ ಸೇರಿ ಮದ್ದಿನ ಪುಡಿಯಾಗುವ ವಸ್ತು. ಇದನ್ನು ಗಂಧಕ, ಡೀಸೆಲ್, ಹೊಟ್ಟು, ಕಣಿಕೆ ಯಾವುದರ ಹತ್ತಿರವೂ ಇಡಕೂಡದು.

ನಾಲ್ಕನೆಯ ಹಂತ: ಬೀಜಕ್ಕೆ ಬೇರೆ ಕೋಣೆ

ಗೋವಿನಜೋಳದ ಬೀಜದಲ್ಲಿ ಹೆಚ್ಚು ಚಿಂತೆಯಿಲ್ಲ. ಎಕರೆಗೆ 8 ಕೆ.ಜಿ.ಯಂತೆ 24 ಕೆ.ಜಿ., ಅಂದರೆ ನಾಲ್ಕು ಕಿಲೋದ ಆರು ಪಾಕೀಟು. ಅದು ಹೈಬ್ರಿಡ್ ಆದ್ದರಿಂದ ಪ್ರತಿ ವರ್ಷ ಕೊಳ್ಳುವುದೇ, ಬಿತ್ತುವ ಬೆಳಗಿನವರೆಗೆ ಪಾಕೀಟನ್ನು ಬಿಚ್ಚದಿದ್ದರಾಯಿತು. ಸೋಯಾ ಅವರೆ ಹಾಗಲ್ಲ. ಮನೆಯ ಬೀಜವನ್ನು ಅಕ್ಟೋಬರಿನಿಂದ ಜೂನಿನವರೆಗೆ ಎಂಟು ತಿಂಗಳು ಕಾಯಬೇಕು, ಅದರ ನಡುವೆ ನಮ್ಮ ಬೇಸಿಗೆಯೂ ಬಂದುಹೋಗುತ್ತದೆ. ಅದರ ಸಿಪ್ಪೆ ತೆಳು, ಮೊಳಕೆಯ ಬೇರು ಸಿಪ್ಪೆಯ ಕೆಳಗೇ ಇರುವುದರಿಂದ ಚೀಲವನ್ನು ಎತ್ತರದಿಂದ ಕೆಡವಿದರೂ ಬೀಜಕ್ಕೆ ಪೆಟ್ಟು ಬೀಳುತ್ತದೆ. ಹೊರಗೆ ನೋಡಿದರೆ ಕಾಳು ಚೆನ್ನಾಗಿಯೇ ಕಾಣುತ್ತದೆ, ಬಿತ್ತಿದ ಮೇಲೆ ಹುಟ್ಟುವುದಿಲ್ಲ. ಅದಕ್ಕೇ ಸೋಯಾ ಬೀಜದ ಚೀಲವನ್ನು ನಾಲ್ಕೈದಕ್ಕಿಂತ ಮೇಲೆ ಅಟ್ಟಿ ಹಾಕಬಾರದು, ಅದರ ಮೇಲೆ ಕೂರಬಾರದು, ಎತ್ತಿ ಒಗೆಯಬಾರದು.

ಬೀಜದ ಆಯಸ್ಸು ತೇವ ಮತ್ತು ಬಿಸಿಯ ಮೇಲೆ ನಿಂತಿದೆ. ಬೀಜದೊಳಗಿನ ತೇವಾಂಶ ಶೇಕಡಾ ಒಂದರಷ್ಟು ಇಳಿದರೆ ಆಯಸ್ಸು ಸುಮಾರು ಎರಡು ಪಟ್ಟಾಗುತ್ತದೆ, ಇಟ್ಟ ಜಾಗದ ಬಿಸಿ ಐದು ಡಿಗ್ರಿ ಇಳಿದರೂ ಅಷ್ಟೆ ಎಂಬುದು ಬೀಜಶಾಸ್ತ್ರದ ಹಳೆಯ ಅಂದಾಜು. ಸೋಯಾ ಬೀಜವನ್ನು ಶೇಕಡಾ 10ರ ಆಸುಪಾಸಿಗೆ ಒಣಗಿಸಿ ತುಂಬಬೇಕು. ಯಂತ್ರವಿಲ್ಲದವರು ಒಂದು ಒರಟು ಪರೀಕ್ಷೆ ಮಾಡಬಹುದು: ಒಣ ಗಾಜಿನ ಬಾಟಲಿಯಲ್ಲಿ ಕಾಲು ಭಾಗ ಬೀಜ, ಒಂದೆರಡು ಚಮಚ ಚೆನ್ನಾಗಿ ಒಣಗಿಸಿದ ಉಪ್ಪು ಹಾಕಿ ಅಲ್ಲಾಡಿಸಿ ಹತ್ತು ನಿಮಿಷ ಬಿಟ್ಟಾಗ ಉಪ್ಪು ಗಾಜಿಗೆ ಅಂಟಿದರೆ ಬೀಜದಲ್ಲಿ ತೇವ ಶೇಕಡಾ 15ಕ್ಕಿಂತ ಹೆಚ್ಚಿದೆ ಎಂದರ್ಥ. ಅಂಟದಿದ್ದರೆ 10ಕ್ಕೆ ಇಳಿದಿದೆ ಎಂದಲ್ಲ, ಇನ್ನೊಂದೆರಡು ದಿನ ಒಣಗಿಸುವುದು ಮೇಲು.

ಇಂಥ ಬೀಜವನ್ನು ಗೊಬ್ಬರದ ಕೋಣೆಯಲ್ಲಿಟ್ಟರೆ ಗೊಬ್ಬರ ಎಳೆದುಕೊಂಡ ತೇವ, ಯೂರಿಯಾದಿಂದ ಬರುವ ಅಮೋನಿಯಾದ ಘಾಟು ಎರಡೂ ಅದಕ್ಕೆ ತಗಲುತ್ತವೆ. ಕಳೆನಾಶಕದ ಪಕ್ಕ ಇಡುವುದು ಇನ್ನೂ ಕೆಟ್ಟದ್ದು. 2,4-ಡಿ ಎಸ್ಟರ್‌ನಂಥವು ಮುಚ್ಚಳ ಸಡಿಲವಿದ್ದರೆ ಆವಿಯಿಂದಲೇ ಮೊಳಕೆಯನ್ನು ಕೆಡಿಸಬಲ್ಲವು. ಆದ್ದರಿಂದ ಬೀಜ ಇರಬೇಕಾದದ್ದು ಮನೆಯ ತಂಪಾದ, ಒಣಗಿದ ಒಳಕೋಣೆಯಲ್ಲಿ, ಹಲಗೆಯ ಮೇಲೆ. ರೈಜೋಬಿಯಂ ಪಾಕೀಟಿನಲ್ಲಿರುವುದು ಜೀವಂತ ಅಣುಜೀವಿ, ಅದನ್ನು ಬಿತ್ತನೆಗೆ ಕೆಲ ದಿನ ಮುಂಚೆಯಷ್ಟೇ ತಂದು ಬಿಸಿಲು ತಾಗದ ಕಡೆ ಇಡಬೇಕು, ಔಷಧಿಯ ಪೆಟ್ಟಿಗೆಯಲ್ಲಿ ಇಟ್ಟರೆ ಸತ್ತಂತೆಯೇ. ಬೀಜೋಪಚಾರದಲ್ಲಿಯೂ ಶಿಲೀಂಧ್ರನಾಶಕ ಮೊದಲು, ಆಮೇಲೆ ಕೀಟನಾಶಕ, ಎಲ್ಲಕ್ಕೂ ಕೊನೆಗೆ ರೈಜೋಬಿಯಂ. ಬಣ್ಣ ಹಚ್ಚಿ ಉಪಚರಿಸಿದ ಬೀಜ ಉಳಿದರೆ ಅದು ಕಾಳಲ್ಲ, ವಿಷ. ಕೋಳಿಗೂ ಹಾಕಬಾರದು, ಔಷಧಿಯ ಜೊತೆಗೆ ಬೀಗದಲ್ಲಿಡಬೇಕು.

ಮೇ ತಿಂಗಳಲ್ಲಿ ಒಮ್ಮೆ, ಬಿತ್ತನೆಗೆ ವಾರವಿರುವಾಗ ಇನ್ನೊಮ್ಮೆ ಮೊಳಕೆ ಪರೀಕ್ಷೆ ಮಾಡಬೇಕು. ಚೀಲದ ಮೇಲೆ, ನಡುವೆ, ತಳದಿಂದ ಕೈಹಾಕಿ ತೆಗೆದ ಕಾಳಿನಲ್ಲಿ ಆರಿಸದೆ ನೂರನ್ನು ಎಣಿಸಿ, ಒದ್ದೆ ಮಾಡಿ ಹಿಂಡಿದ ಗೋಣಿತಟ್ಟಿನ ಮೇಲೆ ಹತ್ತರ ಹತ್ತು ಸಾಲಾಗಿ ಜೋಡಿಸಿ, ಸುರುಳಿ ಸುತ್ತಿ ನೆರಳಿನಲ್ಲಿಟ್ಟು ದಿನವೂ ನೀರು ಚಿಮುಕಿಸಬೇಕು. ಐದನೆಯ ದಿನ ಬಿಚ್ಚಿ, ಬೇರು ಮತ್ತು ಮೊಳಕೆ ಎರಡೂ ನೆಟ್ಟಗಿರುವುದನ್ನು ಮಾತ್ರ ಎಣಿಸಬೇಕು; ಸಿಪ್ಪೆ ಬಿರಿದು ಲೋಳೆಯಾದದ್ದು, ಬೇರು ಮುರಿದದ್ದು ಲೆಕ್ಕಕ್ಕಿಲ್ಲ. 70 ಬಂದರೆ ಎಕರೆಗೆ 25 ಕೆ.ಜಿ. ಸಾಕು. 60 ಬಂದರೆ 25ನ್ನು 70ರಿಂದ ಗುಣಿಸಿ 60ರಿಂದ ಭಾಗಿಸಿ, ಅಂದರೆ ಎಕರೆಗೆ 29 ಕೆ.ಜಿ., ಎರಡು ಎಕರೆಗೆ 58 ಕೆ.ಜಿ. ಹಾಕಬೇಕು. ಆದ್ದರಿಂದ ಅಕ್ಟೋಬರಿನಲ್ಲಿಯೇ 60 ಕಿಲೋ ತೆಗೆದಿಡುವುದು ಸರಿ. 50ಕ್ಕಿಂತ ಕೆಳಗಿಳಿದರೆ ಆ ಬೀಜವನ್ನು ಮಾರುಕಟ್ಟೆಗೆ ಕಳಿಸಿ ರೈತ ಸಂಪರ್ಕ ಕೇಂದ್ರದಲ್ಲಿ ಬೇರೆ ಬೀಜ ಕೇಳಬೇಕು, ಮೇ ತಿಂಗಳ ಪರೀಕ್ಷೆ ಇರುವುದೇ ಇದಕ್ಕೆ ಸಮಯ ಸಿಗಲೆಂದು.

ಐದನೆಯ ಹಂತ: ಬೀಗದ ಪೆಟ್ಟಿಗೆ

ಔಷಧಿ ಇರಬೇಕಾದದ್ದು ಮಲಗುವ, ಅಡುಗೆ ಮಾಡುವ, ಕಾಳು ತುಂಬುವ ಯಾವ ಕೋಣೆಯಲ್ಲಿಯೂ ಅಲ್ಲ. ಮನೆಯ ಹೊರಗೋಡೆಗೆ, ಬಿಸಿಲೂ ಮಳೆಯೂ ತಾಗದ ಕಡೆ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ಗಾಳಿಯಾಡಲು ತೂತಿರುವ ಒಂದು ಬೀಗದ ಕಪಾಟು ಸಾಕು. ಅದರಲ್ಲಿ ಪುಡಿ ಮೇಲಿನ ಹಲಗೆಗೆ, ದ್ರವ ಕೆಳಗಿನ ಹಲಗೆಗೆ. ದ್ರವದ ಬಾಟಲಿ ಸೋರಿದರೆ ಅದು ಪುಡಿಯ ಪೊಟ್ಟಣದ ಮೇಲೆ ಬೀಳಬಾರದು, ಅಷ್ಟೇ ಇದರ ಹಿಂದಿನ ಕಾರಣ. ಬಾಟಲಿಗಳನ್ನು ಒಂದು ತಟ್ಟೆಯಲ್ಲಿ ನಿಲ್ಲಿಸಿ, ಕಪಾಟಿನ ಕೆಳಗೆ ಒಣಮಣ್ಣು ತುಂಬಿದ ಬುಟ್ಟಿಯೊಂದನ್ನು ಇಟ್ಟರೆ, ಚೆಲ್ಲಿದ್ದನ್ನು ನೀರು ಹಾಕಿ ಹರಡುವ ಬದಲು ಮಣ್ಣಿನಲ್ಲಿ ಹೀರಿಸಿ ತೆಗೆಯಬಹುದು. ಕೀಲಿ ಇಬ್ಬರು ದೊಡ್ಡವರ ಬಳಿ ಮಾತ್ರ ಇರಲಿ. ಮನೆಯಲ್ಲಿ ಯಾರಾದರೂ ಬಹಳ ನೊಂದಿದ್ದಾರೆ ಅನಿಸಿದ ದಿನಗಳಲ್ಲಿ ವಿಷವನ್ನು ಮನೆಯಲ್ಲೇ ಇಟ್ಟುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಳೆನಾಶಕಕ್ಕೆ ಬೇರೆಯೇ ಡಬ್ಬ ಬೇಕು, ಸಾಧ್ಯವಿದ್ದರೆ ಬೇರೆ ಪಂಪು ಕೂಡ. ಈ ಹೊಲದಲ್ಲಿ ಅದು ಇನ್ನೂ ಮುಖ್ಯ: ಗೋವಿನಜೋಳಕ್ಕೆ ಹೊಡೆಯುವ ಅಟ್ರಾಜಿನ್ ಸೋಯಾವನ್ನು ಸುಡುತ್ತದೆ. ಪಂಪಿನ ತಳದಲ್ಲಿ ಉಳಿದ ಅಟ್ರಾಜಿನ್ ಮುಂದೆ ಸೋಯಾಕ್ಕೆ ಕೀಟನಾಶಕ ಹೊಡೆಯುವಾಗ ಹೊರಬಂದರೆ, ಎಲೆಯ ಅಂಚು ಹಳದಿಯಾಗಿ ಒಣಗುವುದನ್ನು ನೋಡಿ ರೋಗವೆಂದು ತಿಳಿದು ಮತ್ತೊಂದು ಔಷಧಿ ತರುವವರಿದ್ದಾರೆ. ಡಬ್ಬದ ಮೇಲೆ "ಕಳೆ ಔಷಧಿ, ಗೋವಿನಜೋಳಕ್ಕೆ ಮಾತ್ರ" ಎಂದು ಬಣ್ಣದಲ್ಲಿ ಬರೆದಿಡಬೇಕು.

ಉಳಿದ ಔಷಧಿಯನ್ನು ನೀರಿನ ಅಥವಾ ತಂಪುಪಾನೀಯದ ಬಾಟಲಿಗೆ ಎಂದೂ ಸುರಿಯಬಾರದು. ಮೂಲ ಡಬ್ಬಿಯಲ್ಲಿಯೇ ಇಟ್ಟು, ಬಿಚ್ಚಿದ ತಾರೀಖನ್ನು ಬರೆಯಬೇಕು. ಚೀಟಿಯ ಮೇಲಿನ ಚೌಕದ ಬಣ್ಣ ಕೆಂಪು, ಹಳದಿ, ನೀಲಿ, ಹಸಿರು ಎಂದು ವಿಷದ ಕಡುತನವನ್ನು ಇಳಿಮುಖವಾಗಿ ಹೇಳುತ್ತದೆ, ಹಸಿರೂ ವಿಷವೇ. ಯಾರಿಗಾದರೂ ಹೊಟ್ಟೆಗೆ ಹೋದರೆ 108ಕ್ಕೆ ಕರೆ ಮಾಡಿ, ಆ ಡಬ್ಬಿಯನ್ನು ಚೀಟಿ ಸಮೇತ ಆಸ್ಪತ್ರೆಗೆ ಒಯ್ಯಬೇಕು, ಏಕೆಂದರೆ ವೈದ್ಯರ ಚಿಕಿತ್ಸೆ ಅದರಲ್ಲಿ ಬರೆದ ಹೆಸರನ್ನು ಅವಲಂಬಿಸಿದೆ. ದ್ರವದ ಡಬ್ಬಿ ಖಾಲಿಯಾದಾಗ ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಸುರಿದು, ಡಬ್ಬಿಗೆ ತೂತು ಹೊಡೆದುಬಿಟ್ಟರೆ ಅದರಲ್ಲಿ ಸೀಮೆಎಣ್ಣೆ ತುಂಬುವ ಆಸೆ ಯಾರಿಗೂ ಹುಟ್ಟುವುದಿಲ್ಲ.

ಸುಗ್ಗಿಯ ಹೊತ್ತಿಗೆ

ಸೆಪ್ಟೆಂಬರ್ ಕೊನೆಗೆ, ಸೋಯಾ ಒಕ್ಕುವ ಮೊದಲು, ಒಂದು ದಿನ ಎಲ್ಲವನ್ನೂ ಹೊರಗಿಟ್ಟು ಲೆಕ್ಕ ಹಾಕಬೇಕು. ಈ ಹೊಲದ ಲೆಕ್ಕದಂತೆ ಉಳಿದಿರಬೇಕಾದದ್ದು ಡಿಎಪಿ 31 ಕಿಲೋ, ಪೊಟ್ಯಾಷ್ 17 ಕಿಲೋ, 250 ಗ್ರಾಂ ತಂದಿದ್ದರೆ ಎಮಾಮೆಕ್ಟಿನ್ ಹತ್ತು ಗ್ರಾಂನಷ್ಟು. ಬಾಯಿ ಬಿಚ್ಚಿದ ಚೀಲವನ್ನು ಗಾಳಿ ಹಿಂಡಿ, ತಿರುಚಿ, ಬಿಗಿಯಾಗಿ ಕಟ್ಟಿ, ತೂಕ ಮತ್ತು ತಿಂಗಳನ್ನು ಚೀಲದ ಮೇಲೆಯೇ ಬರೆಯಬೇಕು. ಯೂರಿಯಾ ಉಳಿದಿದ್ದರೆ ಎಲ್ಲಿಯೋ ಬೆಳೆಗೆ ಕಡಿಮೆ ಬಿದ್ದಿದೆ, ಯಾವ ಪಟ್ಟಿಯಲ್ಲಿ ಎಂಬುದನ್ನು ಹೊಲದಲ್ಲಿ ತೆನೆಯ ಗಾತ್ರವೇ ತೋರಿಸುತ್ತದೆ. ಆ ಅಂಕಿಗಳನ್ನು ಬರೆದುಕೊಂಡ ಮೇಲೆ ಒಳಕೋಣೆಯನ್ನು ಗುಡಿಸಿ, ಹಳೆಯ ಕಾಳು ಬಿರುಕಿನಲ್ಲಿ ಉಳಿಯದಂತೆ ತೆಗೆದು, ಹಲಗೆಯನ್ನು ಎರಡು ದಿನ ಬಿಸಿಲಿಗೆ ಹಾಕಿ, ಹೊಸ ಸೋಯಾ ಬೀಜಕ್ಕೆ ಗೊಬ್ಬರ ತುಂಬಿರದ ಹೊಸ ಗೋಣಿಚೀಲಗಳನ್ನು ತಂದಿಟ್ಟುಕೊಳ್ಳಬೇಕು.